ವಾಚ್ ಹೇಳಿದಂತೆ ಉಸಿರಾಡಿದರೆ ಎದೆಬಡಿತ ನಿಜಕ್ಕೂ ಇಳಿಯುತ್ತದೆಯೇ? ನೀವೇ ಪರೀಕ್ಷಿಸಿ ತಿಳಿಯುವ ಸಮಗ್ರ ಮಾರ್ಗದರ್ಶಿ

ಕುಕ್ಕರಹಳ್ಳಿ ಕೆರೆ ಸುತ್ತಿ ಬಂದವರು ಬೆಂಚಿನ ಮೇಲೆ ಕೂತು ವಾಚಿನ ಉಸಿರಾಟದ ಸೆಷನ್ ಹಚ್ಚುವುದು ಈಗ ಮೈಸೂರಿನಲ್ಲಿ ಮಾಮೂಲು ದೃಶ್ಯ. ಸ್ಕ್ರೀನಿನ ಮೇಲೆ ಹೂವೊಂದು ಅರಳುತ್ತದೆ, ಮುಚ್ಚಿಕೊಳ್ಳುತ್ತದೆ. ಎರಡು ನಿಮಿಷ ಕಳೆದ ಮೇಲೆ ಹಾರ್ಟ್ ರೇಟ್ 110ರಿಂದ 84ಕ್ಕೆ ಇಳಿದಿರುತ್ತದೆ. ‘ನೋಡಿ ಸಾರ್, ಎಷ್ಟು ಬೇಗ ಇಳಿಸ್ತು’ ಎಂದು ಪಕ್ಕದವರಿಗೆ ತೋರಿಸುವುದೂ ಉಂಟು. ಆದರೆ ಬಿರುಸಾಗಿ ನಡೆದು ಬಂದವರು ಸುಮ್ಮನೆ ಕೂತು ಹರಟೆ ಹೊಡೆದಿದ್ದರೂ ಎದೆಬಡಿತ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಿತ್ತು. ಇಳಿಸಿದ್ದು ಬೆಂಚು, ಹೆಸರು ಬಂದದ್ದು ವಾಚಿಗೆ.

ಹಾಗಂತ ಈ ಸೆಷನ್ ಬರೀ ಓಳು ಎಂದಲ್ಲ. ನಿಧಾನ ಉಸಿರಾಟಕ್ಕೆ ದೇಹದ ಮೇಲೆ ನಿಜವಾದ ಪರಿಣಾಮವಿದೆ. ಅದು ವಾಚ್ ತೋರಿಸುವ ಆ ಒಂದು ಸಂಖ್ಯೆಯಲ್ಲಿ ಕಾಣುವುದು ಕಡಿಮೆ, ಅಷ್ಟೆ. ಸೆಷನ್ ಸರಿಯಾಗಿ ಮಾಡುವುದು ಹೇಗೆ, ಸಂಖ್ಯೆಯನ್ನು ಎಷ್ಟು ನಂಬಬೇಕು, ನಿಮ್ಮ ಮಟ್ಟಿಗೆ ಲಾಭವಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ವಾಚನ್ನು ಮೇಜಿನ ಮೇಲಿಟ್ಟು ನೋಡಿ

ವಾಚ್ ನಮ್ಮ ಎದೆಬಡಿತ ನೋಡಿಕೊಂಡು ಅದಕ್ಕೆ ತಕ್ಕ ಹಾಗೆ ಉಸಿರಿನ ವೇಗ ಗೊತ್ತುಮಾಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಮ್ಮ ವಾಚ್ ಹಾಗೆ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಸುಲಭದ ಉಪಾಯವಿದೆ. ವಾಚ್ ಬಿಚ್ಚಿ ಮೇಜಿನ ಮೇಲಿಡಿ, ಉಸಿರಾಟದ ಸೆಷನ್ ಶುರುಮಾಡಿ. ಕೈಗೆ ಕಟ್ಟಿದ್ದಾಗಿನ ಲಯದಲ್ಲೇ ಹೂವು ಅರಳಿ ಮುಚ್ಚುತ್ತಾ ಹೋಗಿ, ಕೊನೆಗೆ ‘ಮುಗಿಯಿತು’ ಎಂಬ ಸಂದೇಶವೂ ಬಂದರೆ, ಅಲ್ಲಿ ಲಯ ಹಾಕುತ್ತಿರುವುದು ಬರೀ ಟೈಮರ್ ಎಂದರ್ಥ.

ಬಹುತೇಕ ವಾಚ್‌ಗಳಲ್ಲಿ ಆಗುವುದು ಇದೇ. ಆ್ಯಪಲ್ ವಾಚಿಗೆ ಈ ಸೌಲಭ್ಯ 2016ರಲ್ಲಿ ಬಂತು, ಈಗ ಅದು `Mindfulness` ಎಂಬ ಆ್ಯಪಿನೊಳಗೆ `Breathe` ಎಂಬ ಹೆಸರಿನಲ್ಲಿದೆ. ಅದರಲ್ಲಿ ಮೊದಲೇ ಹೊಂದಿಸಿಟ್ಟಿರುವ ವೇಗ ನಿಮಿಷಕ್ಕೆ 7 ಉಸಿರು. ಬೇಕೆಂದರೆ ಸೆಟಿಂಗ್ಸ್‌ನಲ್ಲಿ ನಾವೇ 4ರಿಂದ 10ರವರೆಗೆ ಬದಲಿಸಿಕೊಳ್ಳಬಹುದು. ಎದೆಬಡಿತ ಏರಿತು ಎಂದು ಅದು ತಾನಾಗಿ ಬದಲಾಗುವುದಿಲ್ಲ. ಎದೆಬಡಿತವನ್ನು ಅಳೆಯುವ ಕೆಲಸ ಪಕ್ಕದಲ್ಲಿ ತನ್ನ ಪಾಡಿಗೆ ನಡೆದಿರುತ್ತದೆ, ಕೊನೆಯಲ್ಲಿ ಲೆಕ್ಕ ತೋರಿಸುತ್ತದೆ. ಕೆಲವು ಫಿಟ್‌ಬಿಟ್ ಮಾದರಿಗಳಲ್ಲಿ ಮಾತ್ರ ಬಡಿತ ನೋಡಿ ಲಯ ಹೊಂದಿಸುವ ವ್ಯವಸ್ಥೆ ಬಂದಿತ್ತು. ಎರಡು ಸಾವಿರದ ಒಳಗಿನ ವಾಚ್‌ಗಳಲ್ಲಿ ಈ ಸೆಷನ್ ಸಾಮಾನ್ಯವಾಗಿ ಒಂದು ಅನಿಮೇಷನ್ ಅಷ್ಟೆ. ಲಯ ಹಾಕಲು ಅದೂ ಸಾಕು. ಎದೆಬಡಿತದ ಲೆಕ್ಕಕ್ಕೆ ಮಾತ್ರ ಅದನ್ನು ನಂಬುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಸುರುಳಿ ಸುತ್ತಿದ ಟವೆಲ್ಲಿಗೆ ವಾಚ್ ಕಟ್ಟಿ ಹಾರ್ಟ್ ರೇಟ್ ನೋಡಿ. ಟವೆಲ್ಲಿಗೂ 72 ತೋರಿಸಿದರೆ ಆ ವಾಚಿನ ಸಂಖ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ.

ಟವೆಲ್ಲಿಗೂ ನಾಡಿ ಸಿಗುವುದು ಏಕೆಂದರೆ, ವಾಚಿನ ಹಿಂಬದಿಯ ಹಸಿರು ದೀಪ ಎದೆಯನ್ನು ನೋಡುತ್ತಿರುವುದಿಲ್ಲ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಎದೆ ಒಮ್ಮೆ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಿಗೆ ರಕ್ತ ನುಗ್ಗುತ್ತದೆ, ಹಿಂದಿರುಗುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸಿ ವಾಚ್ ಬಡಿತದ ಲೆಕ್ಕ ಹಾಕುತ್ತದೆ. ಬೆಳಕು ಬೇರೆ ಯಾವ ಕಾರಣಕ್ಕೆ ಏರಿಳಿದರೂ, ಅಂದರೆ ಪಟ್ಟಿ ಸಡಿಲವಾಗಿ ವಾಚ್ ಜಾರಿದರೂ, ಕೈ ಅಲುಗಾಡಿದರೂ, ಲೆಕ್ಕ ತಪ್ಪಬಹುದು.

ಉಸಿರಿಗೂ ನಾಡಿಗೂ ಇರುವ ನಂಟನ್ನು ಬೆರಳಿನಲ್ಲಿ ಹಿಡಿಯಿರಿ

ಸೆಷನ್ ಶುರುಮಾಡುವ ಮೊದಲು ಒಂದು ನಿಮಿಷ ವಾಚನ್ನು ಮರೆತುಬಿಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನಲ್ಲಿ ಇನ್ನೊಂದು ಕೈಯ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. ಈಗ ಐದು ಸೆಕೆಂಡು ನಿಧಾನವಾಗಿ ಉಸಿರೆಳೆದುಕೊಳ್ಳಿ, ಐದು ಸೆಕೆಂಡು ಬಿಡಿ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಬೆರಳಿಗೆ ತಿಳಿಯುತ್ತದೆ: ಉಸಿರು ಎಳೆದುಕೊಳ್ಳುವಾಗ ನಾಡಿ ತುಸು ಬೇಗ ಬೇಗ ಬಡಿಯುತ್ತದೆ, ಬಿಡುವಾಗ ಒಂದೊಂದು ಬಡಿತದ ನಡುವಿನ ಬಿಡುವು ಹಿಗ್ಗುತ್ತದೆ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಕಡಿಮೆ, ಎಳೆಯರಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ.

ಇದು ರೋಗವಲ್ಲ, ಆರೋಗ್ಯವಂತ ಹೃದಯದ ಲಕ್ಷಣ. ಮೆದುಳಿನ ಬುಡದಿಂದ ಹೊರಟು ಹೃದಯಕ್ಕೆ ಬರುವ ವೇಗಸ್ ನರ ಬಡಿತಕ್ಕೆ ಕಡಿವಾಣ ಹಾಕಿಕೊಂಡಿರುತ್ತದೆ. ಉಸಿರು ಎಳೆದುಕೊಳ್ಳುವಾಗ ಆ ಕಡಿವಾಣ ಸಡಿಲವಾಗುತ್ತದೆ, ಬಿಡುವಾಗ ಬಿಗಿಯಾಗುತ್ತದೆ. ಬಿಡುವ ಉಸಿರನ್ನು ಕೊಂಚ ಉದ್ದ ಮಾಡಿ ಎಂದು ಎಲ್ಲರೂ ಹೇಳುವುದರ ಹಿಂದಿರುವ ಕಾರಣ ಇದು.

ನಿಧಾನ ಉಸಿರಾಟ ಎಂದರೆ ಸಾಮಾನ್ಯವಾಗಿ ನಿಮಿಷಕ್ಕೆ 6 ಉಸಿರು ಎನ್ನುತ್ತಾರೆ, ಆ ಸಂಖ್ಯೆ ಎಲ್ಲಿಂದ ಬಂತು ಎಂಬುದೂ ಸ್ವಾರಸ್ಯದ ವಿಷಯ. ಕತ್ತಿನ ದೊಡ್ಡ ರಕ್ತನಾಳದಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ರಕ್ತದೊತ್ತಡವನ್ನು ಗಮನಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಬಡಿತವನ್ನು ನಿಧಾನಿಸುತ್ತವೆ, ಇಳಿದರೆ ಚುರುಕುಗೊಳಿಸುತ್ತವೆ. ಈ ಹೊಂದಾಣಿಕೆಗೆ ಸುಮಾರು ಐದು ಸೆಕೆಂಡು ಹಿಡಿಯುತ್ತದೆ. ಉಸಿರಿನ ಒಂದು ಪೂರ್ತಿ ಸುತ್ತು ಹತ್ತು ಸೆಕೆಂಡಿನದ್ದಾದರೆ ಎರಡೂ ಲಯ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಉಯ್ಯಾಲೆ ಹಿಂದೆ ಬಂದ ಹೊತ್ತಿಗೆ ಸರಿಯಾಗಿ ತಳ್ಳಿದರೆ ಜೀಕು ದೊಡ್ಡದಾಗುತ್ತದಲ್ಲ, ಹಾಗೆ ಬಡಿತದ ಏರಿಳಿತ ದೊಡ್ಡದಾಗುತ್ತದೆ. ಹತ್ತು ಸೆಕೆಂಡಿಗೊಂದು ಎಂದರೆ ನಿಮಿಷಕ್ಕೆ 6. ವ್ಯಕ್ತಿಯಿಂದ ವ್ಯಕ್ತಿಗೆ ಇದು ನಾಲ್ಕೂವರೆಯಿಂದ ಆರೂವರೆಯ ನಡುವೆ ಆಚೀಚೆ ಇರುತ್ತದೆ. ನಾವು ಸುಮ್ಮನಿದ್ದಾಗ ಉಸಿರಾಡುವುದು ನಿಮಿಷಕ್ಕೆ 12ರಿಂದ 20 ಬಾರಿ.

ಇದಕ್ಕೆ ವಾಚೇ ಆಗಬೇಕೆಂದೇನೂ ಇಲ್ಲ. ಜಪಮಾಲೆ ಎಣಿಸುತ್ತಾ ಕ್ರೈಸ್ತ ಪ್ರಾರ್ಥನೆ ಹೇಳುವಾಗ, ಮಂತ್ರ ಪಠಿಸುವಾಗ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಬರುತ್ತದೆ ಎಂದು ತೋರಿಸಿದ ಅಧ್ಯಯನವೊಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ನಮ್ಮಜ್ಜಿಯರು ಕೈಯಲ್ಲಿ ಸೆನ್ಸರ್ ಇಲ್ಲದೆಯೇ ಈ ಕೆಲಸ ಮಾಡುತ್ತಿದ್ದರು.

ಸೆಷನ್ ಮಾಡುವ ಕ್ರಮ

ಒಂದು: ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ, ಮೊಣಕೈ ಕಡೆಗೆ ಸರಿಸಿ ಕಟ್ಟಿ. ಕೈ ಅಲ್ಲಾಡಿಸಿದರೆ ವಾಚ್ ಜಾರಬಾರದು, ಬಿಚ್ಚಿದ ಮೇಲೆ ಚರ್ಮದ ಮೇಲೆ ಆಳವಾದ ಬರೆಯೂ ಇರಬಾರದು. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಬೆವರಿದ್ದರೆ ಸೆನ್ಸರನ್ನೂ ಚರ್ಮವನ್ನೂ ಒರೆಸಿಕೊಳ್ಳಿ. ಡಿಸೆಂಬರಿನ ಮುಂಜಾನೆ ಕೈ ತಣ್ಣಗಿದ್ದರೆ ಮಣಿಕಟ್ಟಿಗೆ ರಕ್ತ ಕಡಿಮೆ ಬರುತ್ತದೆ, ಎರಡು ನಿಮಿಷ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮಣಿಕಟ್ಟಿನ ಮೇಲೆ ಗಾಢವಾದ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ.

ಎರಡು: ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿ. ವಾಚ್ ಇರುವ ಕೈ ತೊಡೆಯ ಮೇಲಿರಲಿ. ಕೂತ ತಕ್ಷಣ ಸೆಷನ್ ಒತ್ತಬೇಡಿ, ಐದು ನಿಮಿಷ ಸುಮ್ಮನಿರಿ. ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಇದನ್ನು ಬಿಟ್ಟರೆ ಮುಂದಿನ ಅಳತೆಗೆ ಅರ್ಥವಿಲ್ಲ. ನಡೆದು ಬಂದದ್ದು, ಮೆಟ್ಟಿಲು ಹತ್ತಿದ್ದು, ಆಗಷ್ಟೇ ಕುಡಿದ ಕಾಫಿ, ಫೋನಿನಲ್ಲಿ ಆದ ವಾಗ್ವಾದ, ಎಲ್ಲವೂ ಆ ಹೊತ್ತಿನಲ್ಲಿ ಎದೆಬಡಿತದೊಳಗೆ ಸೇರಿಕೊಂಡಿರುತ್ತವೆ.

ಮೂರು: ಅವಧಿ ಐದು ನಿಮಿಷ ಇಡಿ. ಒಂದು ನಿಮಿಷದ ಸೆಷನ್‌ನಲ್ಲಿ ಲಯಕ್ಕೆ ಹೊಂದಿಕೊಳ್ಳುವಷ್ಟರಲ್ಲೇ ಹೊತ್ತು ಮುಗಿದಿರುತ್ತದೆ. ವೇಗವನ್ನು ಮೊದಲ ಕೆಲವು ದಿನ 7 ಅಥವಾ 8ಕ್ಕೆ ಇಟ್ಟುಕೊಂಡು, ಆಯಾಸವಿಲ್ಲದೆ ಆಗುತ್ತಿದೆ ಎನಿಸಿದ ಮೇಲೆ 6ಕ್ಕೆ ಇಳಿಸಿ. ಎಳೆಯುವುದು, ಬಿಡುವುದು ಬೇರೆ ಬೇರೆಯಾಗಿ ಹೊಂದಿಸಲು ವಾಚಿನಲ್ಲಿ ಅವಕಾಶವಿದ್ದರೆ ನಾಲ್ಕು ಸೆಕೆಂಡು ಎಳೆದು ಆರು ಸೆಕೆಂಡು ಬಿಡಿ. ಉಸಿರು ಹಿಡಿದಿಡುವುದು ಬೇಡ.

ನಾಲ್ಕು: ವೈಬ್ರೇಷನ್ ಆನ್ ಮಾಡಿ ಕಣ್ಣು ಮುಚ್ಚಿ. ಸ್ಕ್ರೀನ್ ನೋಡಲು ಕೈ ಎತ್ತಿ ಹಿಡಿದರೆ ಭುಜ ಬಿಗಿಯುತ್ತದೆ, ಸೆನ್ಸರ್ ಅಲುಗುತ್ತದೆ, ನಡುವೆ ವಾಟ್ಸ್‌ಆ್ಯಪ್ ಸಂದೇಶವೊಂದು ಮೂತಿ ತೋರಿಸಿದರೆ ಮುಗಿಯಿತು. ಐದು ನಿಮಿಷ ನೋಟಿಫಿಕೇಷನ್ ಬಂದ್ ಮಾಡಿ.

ಐದು: ಮೂಗಿನಿಂದ ಉಸಿರಾಡಿ, ಹೊಟ್ಟೆ ಮೆಲ್ಲಗೆ ಉಬ್ಬಲಿ. ಇಲ್ಲಿ ನಿಜವಾದ ತಪ್ಪು ಆಗುವುದು ‘ನಿಧಾನ’ವನ್ನು ‘ಆಳ’ ಮಾಡಿಕೊಂಡಾಗ. ಎದೆ ತುಂಬಾ ಗಾಳಿ ಎಳೆದು ಪೂರ್ತಿ ಖಾಲಿ ಮಾಡುತ್ತಾ ಹೋದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚು ಹೊರಹೋಗುತ್ತದೆ. ತಲೆ ಹಗುರಾದಂತೆ, ಬೆರಳ ತುದಿಯಲ್ಲೋ ತುಟಿಯ ಸುತ್ತಲೋ ಜುಂ ಎಂದಂತೆ ಆಗುವುದು ಅದರ ಗುರುತು. ಕೆಲವರು ಇದನ್ನೇ ‘ಏನೋ ಶಕ್ತಿ ಸಂಚಾರ’ ಎಂದು ಖುಷಿಪಡುತ್ತಾರೆ! ಹಾಗಾದರೆ ಸೆಷನ್ ನಿಲ್ಲಿಸಿ, ಸಹಜವಾಗಿ ಉಸಿರಾಡಿ. ಮುಂದಿನ ಸಲ ವೇಗ ಅಷ್ಟೇ ಇರಲಿ, ಪ್ರತಿ ಉಸಿರಿನ ಗಾತ್ರ ಕಡಿಮೆ ಮಾಡಿ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಉಸಿರಿನ ಸದ್ದು ಕೇಳಿಸುತ್ತಿದ್ದರೆ ನೀವು ಹೆಚ್ಚು ಎಳೆಯುತ್ತಿದ್ದೀರಿ.

ಪ್ರಾಣಾಯಾಮ ಗೊತ್ತಿರುವವರಿಗೆ ಎರಡು ಮಾತು. ಕಪಾಲಭಾತಿ, ಭಸ್ತ್ರಿಕಾ ವೇಗದ ಅಭ್ಯಾಸಗಳು, ಅವುಗಳಲ್ಲಿ ಎದೆಬಡಿತ ಏರುವುದೇ ಸಹಜ. ವಾಚಿನ ಸೆಷನ್ನಿಗೂ ಅವಕ್ಕೂ ಗಂಟು ಹಾಕಬೇಡಿ. ನಾಡಿಶೋಧನ ಮಾಡುವವರು ವಾಚನ್ನು ಮೂಗು ಹಿಡಿಯದ ಕೈಗೆ ಕಟ್ಟಿಕೊಳ್ಳಿ. ಮೇಲೆ ಎತ್ತಿ ಹಿಡಿದು ಅಲುಗಿಸುವ ಕೈಯಲ್ಲಿ ಅಳತೆ ಸರಿಯಾಗಿ ಬರುವುದಿಲ್ಲ.

ಕೊನೆಯಲ್ಲಿ ಬರುವ ಸಂಖ್ಯೆಯನ್ನು ಓದುವುದು

ಉಸಿರಿನೊಂದಿಗೆ ನಾಡಿ ಏರಿಳಿಯುವುದು ಬೆರಳಿಗೆ ಸಿಕ್ಕಿತು, ವಾಚಿನ ಸ್ಕ್ರೀನಿನ ಮೇಲೆ ಏಕೆ ಕಾಣುವುದಿಲ್ಲ? ಏಕೆಂದರೆ ಅಲ್ಲಿ ಕಾಣುವ ಹಾರ್ಟ್ ರೇಟ್ ಆ ಕ್ಷಣದ್ದಲ್ಲ, ಹಿಂದಿನ ಕೆಲವು ಸೆಕೆಂಡುಗಳ ಸರಾಸರಿ. ಉಸಿರಿನ ಒಂದು ಸುತ್ತಿನಲ್ಲಿ ಬಡಿತ 66ಕ್ಕೆ ಇಳಿದು 80ಕ್ಕೆ ಏರಿದರೂ ವಾಚ್ ತೋರಿಸುವುದು 73, 74. ಅಂದರೆ ಸೆಷನ್ನಿನ ಅಸಲಿ ಕೆಲಸ ಏರಿಳಿತದಲ್ಲಿ ನಡೆಯುತ್ತಿರುತ್ತದೆ, ಸ್ಕ್ರೀನಿನ ಮೇಲೆ ಬರುವುದು ಅದನ್ನು ಸಮತಟ್ಟು ಮಾಡಿದ ಲೆಕ್ಕ. ಪ್ರತಿ ಬಡಿತವನ್ನೂ ಬಿಡಿಯಾಗಿ ನೋಡಲೇಬೇಕು ಎಂದರೆ ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ, ಅದಕ್ಕೊಂದು ಆ್ಯಪ್ ಬೇಕು.

ಬಡಿತಗಳ ನಡುವಿನ ಬಿಡುವು ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂಬ ಅಳತೆಯೇ ಎಚ್‌ಆರ್‌ವಿ. ಇದರಲ್ಲಿ ಒಂದು ಮೋಸವಿದೆ. ನಿಧಾನವಾಗಿ ಉಸಿರಾಡುತ್ತಿರುವಷ್ಟು ಹೊತ್ತು ಎಚ್‌ಆರ್‌ವಿ ಏರಿಯೇ ಏರುತ್ತದೆ, ಮೇಲೆ ಹೇಳಿದ ಉಯ್ಯಾಲೆಯ ಲೆಕ್ಕದಿಂದ. ಅದು ಆ ಉಸಿರಿನ ಪರಿಣಾಮ. ಸೆಷನ್ ನಿಂತ ಮೇಲೂ ಉಳಿಯುತ್ತದೆ ಎಂದೇನಿಲ್ಲ. ಆ್ಯಪಲ್ ವಾಚ್ `Breathe` ಸೆಷನ್ ನಡೆಯುವಾಗಲೇ ಎಚ್‌ಆರ್‌ವಿ ಅಳೆದು ಹೆಲ್ತ್ ಆ್ಯಪಿಗೆ ಸೇರಿಸುತ್ತದೆ. ಹಾಗಾಗಿ ಸೆಷನ್ ಮಾಡಿದ ದಿನ ಗ್ರಾಫಿನಲ್ಲಿ ಎತ್ತರದ ಚುಕ್ಕಿ, ಮಾಡದ ದಿನ ತಗ್ಗಿನದ್ದು. ಇದನ್ನು ನೋಡಿ ‘ತಿಂಗಳಿಂದ ನನ್ನ ಎಚ್‌ಆರ್‌ವಿ ಸುಧಾರಿಸಿದೆ’ ಎಂದುಕೊಂಡರೆ, ಸುಧಾರಿಸಿದ್ದು ಅಳೆದ ಹೊತ್ತು ಮಾತ್ರ. ನಿಜವಾಗಿ ಬದಲಾವಣೆ ಆಗಿದೆಯೇ ಎಂದು ತಿಳಿಯಬೇಕಾದರೆ ರಾತ್ರಿ ನಿದ್ದೆಯಲ್ಲಿ ಅಳೆದ ಸಂಖ್ಯೆಗಳನ್ನು ವಾರದಿಂದ ವಾರಕ್ಕೆ ಹೋಲಿಸಿ. ನಿದ್ದೆಯಲ್ಲಿ ಯಾರೂ ವಾಚ್ ನೋಡಿ ಉಸಿರಾಡುವುದಿಲ್ಲವಲ್ಲ.

ಹಾಗೆಯೇ ವಾಚ್ ತೋರಿಸುವ ‘ಸ್ಟ್ರೆಸ್’ ಅಂಕ. ಅದು ಹೆಚ್ಚಾಗಿ ಎದೆಬಡಿತ, ಎಚ್‌ಆರ್‌ವಿ ಎರಡನ್ನು ಬೆರೆಸಿ ಮಾಡಿದ ಅಂದಾಜು. ಜ್ವರ ಬಂದರೂ, ಎರಡನೇ ಲೋಟ ಕಾಫಿ ಇಳಿದರೂ, ಜಂಬೂಸವಾರಿಯ ಜನಜಂಗುಳಿಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಖುಷಿಯಾಗಿ ನಿಂತಿದ್ದರೂ ಅದು ಏರಬಹುದು. ಮನಸ್ಸಿನೊಳಗೆ ಏನಿದೆ ಎಂದು ಹಸಿರು ದೀಪಕ್ಕೆ ಕಾಣುವುದಿಲ್ಲ.

ಕೂತದ್ದರ ಪಾಲೆಷ್ಟು, ಉಸಿರಿನ ಪಾಲೆಷ್ಟು: ಒಂದು ಪರೀಕ್ಷೆ

ನನ್ನ ಭಾಮೈದ ಮಂಡ್ಯದಲ್ಲಿ ಕೆಲಸ ಮಾಡುತ್ತಾನೆ, ಮೈಸೂರಿನಿಂದ ದಿನಾ ರೈಲಿನಲ್ಲಿ ಓಡಾಟ. ಸಂಜೆ ಸ್ಟೇಷನ್ನಿನಿಂದ ಮನೆ ಸೇರಿದ ಕೂಡಲೇ ಸೋಫಾದಲ್ಲಿ ಕೂತು ಸೆಷನ್ ಒತ್ತುವುದು ಅವನ ಅಭ್ಯಾಸ. ‘ಭಾವ, ನೋಡಿ ಇಲ್ಲಿ. 92 ಇತ್ತು, ಐದೇ ನಿಮಿಷಕ್ಕೆ 78. ಇದಕ್ಕಿಂತ ಸಾಕ್ಷಿ ಬೇಕಾ?’ ಎಂದ. ‘ನಾಳೆ ಸೆಷನ್ ಒತ್ತದೆ ಅಷ್ಟೇ ಹೊತ್ತು ಸುಮ್ಮನೆ ಕೂತು ನೋಡು’ ಎಂದೆ. ಮರುದಿನ 91ರಿಂದ 80ಕ್ಕೆ ಇಳಿಯಿತು. ಅವನ ಮುಖವೂ ಇಳಿಯಿತು.

ಆಮೇಲೆ ಸರಿಯಾಗಿಯೇ ಮಾಡೋಣ ಎಂದು ಎರಡು ವಾರ ಒಂದು ಕ್ರಮ ಹಾಕಿಕೊಂಡ. ನೀವೂ ಇದನ್ನೇ ಮಾಡಬಹುದು. ಮನೆಗೆ ಬಂದು ಕೈಕಾಲು ತೊಳೆದು, ಕಾಫಿಗೆ ಮೊದಲು, ಅದೇ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರುವುದು. ಆಗ ಹಾರ್ಟ್ ರೇಟ್ ಬರೆದುಕೊಳ್ಳುವುದು. ಜೊತೆಗೆ ‘ಈಗ ಮನಸ್ಸು ಎಷ್ಟು ಬಿಗಿಯಾಗಿದೆ’ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟುಕೊಳ್ಳುವುದು. ಅನಂತರ ಒಂದು ದಿನ ಐದು ನಿಮಿಷ ವಾಚಿನ ಸೆಷನ್, ಮರುದಿನ ಐದು ನಿಮಿಷ ಕಣ್ಣು ಮುಚ್ಚಿ ಬರೀ ಕೂರುವುದು, ಟೈಮರ್ ಮಾತ್ರ. ಮುಗಿದ ಮೇಲೆ ಮತ್ತೆ ಎರಡೂ ಸಂಖ್ಯೆ ಬರೆಯುವುದು. ಕ್ಯಾಲೆಂಡರಿನ ಚೌಕದಲ್ಲೇ ಬರೆದರೂ ಸಾಕು. ಜ್ವರ ಬಂದ ದಿನ, ರೈಲು ತಡವಾಗಿ ಓಡಿಬಂದ ದಿನ ಇದ್ದರೆ ಆ ಚೌಕಕ್ಕೆ ಗೀಟು ಹಾಕಿ ಬಿಟ್ಟುಬಿಡಿ.

ಅವನ ಸರಾಸರಿ ಹೀಗೆ ಬಂತು. ಮೊದಲ ಐದು ನಿಮಿಷ ಸುಮ್ಮನೆ ಕೂತಾಗಲೇ 91ರ ಆಸುಪಾಸಿನಿಂದ 78ಕ್ಕೆ ಇಳಿದಿರುತ್ತಿತ್ತು. ಅಲ್ಲಿಂದ ಮುಂದೆ ಸೆಷನ್ ಮಾಡಿದ ದಿನಗಳಲ್ಲಿ 75, ಬರೀ ಕೂತ ದಿನಗಳಲ್ಲಿ 76. ವ್ಯತ್ಯಾಸ ಒಂದು ಬಡಿತ. ಒಳ್ಳೆಯ ವಾಚ್ ಕೂಡ ಒಂದೆರಡು ಬಡಿತ ಆಚೀಚೆ ತೋರಿಸುತ್ತದೆ. ಆದ್ದರಿಂದ ಇದನ್ನು ವ್ಯತ್ಯಾಸ ಎಂದೇ ಹೇಳುವಂತಿಲ್ಲ. ಹದಿನಾಲ್ಕು ಬಡಿತದ ಹೆಮ್ಮೆಯೆಲ್ಲ ಸ್ಟೇಷನ್ನಿನಿಂದ ಮನೆಗೆ ನಡೆದು ಬಂದದ್ದರ ಲೆಕ್ಕವಾಗಿತ್ತು.

ಮನಸ್ಸಿನ ಬಿಗಿಯ ಅಂಕದಲ್ಲಿ ಮಾತ್ರ ಕೊಂಚ ಅಂತರವಿತ್ತು. ಸೆಷನ್ ದಿನಗಳಲ್ಲಿ 6ರಿಂದ 3ಕ್ಕೆ, ಬರೀ ಕೂತ ದಿನಗಳಲ್ಲಿ 6ರಿಂದ 4ಕ್ಕೆ. ಇದನ್ನೂ ಅನುಮಾನದಿಂದಲೇ ನೋಡಬೇಕು, ಏಕೆಂದರೆ ಯಾವ ದಿನ ಯಾವುದು ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿತ್ತು, ವಾಚ್ ಗೆಲ್ಲಲಿ ಎಂಬ ಆಸೆಯೂ ಇತ್ತು. ಬರೀ ಕೂತ ದಿನ ತಲೆ ಮತ್ತೆ ಆಫೀಸಿಗೇ ಓಡುತ್ತಿತ್ತಂತೆ. ಸೆಷನ್‌ನಲ್ಲಿ ವೈಬ್ರೇಷನ್ ಕಾಯುವ ಕೆಲಸವಿದ್ದುದರಿಂದ ಅಷ್ಟು ಓಡುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಅದು ಹೃದಯದ ಅಂಕಿಯಲ್ಲಿ ಕಾಣುವಂಥದ್ದಲ್ಲ.

ಸಂಶೋಧನೆಗಳು ಹೇಳುವುದು

ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದವರಿಗೂ ಚಿತ್ರ ಹೆಚ್ಚು ಬೇರೆ ಕಂಡಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಬೇರೆ ಬೇರೆ ಉಸಿರಾಟದ ಅಭ್ಯಾಸಗಳನ್ನು ಧ್ಯಾನದ ಜೊತೆ ಹೋಲಿಸಿತು. ಕಳವಳ ಎಲ್ಲ ಗುಂಪುಗಳಲ್ಲೂ ಕಡಿಮೆಯಾಯಿತು. ಮನಸ್ಸಿನ ಉಲ್ಲಾಸ ಹೆಚ್ಚು ಏರಿದ್ದು ಉದ್ದ ನಿಟ್ಟುಸಿರು ಬಿಡುವ ಗುಂಪಿನಲ್ಲಿ: ಮೂಗಿನಿಂದ ಒಮ್ಮೆ ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಎಳೆತ, ಆಮೇಲೆ ಬಾಯಿಯಿಂದ ನಿಧಾನವಾಗಿ ಬಿಡುವುದು. ಅವರ ಉಸಿರಿನ ವೇಗವೂ ತುಸು ತಗ್ಗಿತ್ತು.

ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದರಲ್ಲಿ ಒಂದು ಗುಂಪು ನಿಮಿಷಕ್ಕೆ ಸುಮಾರು ಐದೂವರೆ ಉಸಿರಿನ ಲಯದಲ್ಲಿ, ಇನ್ನೊಂದು ಗುಂಪು ಹೆಚ್ಚುಕಡಿಮೆ ಸಹಜ ವೇಗವಾದ 12ರ ಲಯದಲ್ಲಿ, ದಿನಕ್ಕೆ ಹತ್ತು ನಿಮಿಷದಂತೆ ನಾಲ್ಕು ವಾರ ಉಸಿರಾಡಿತು. ಭಾಗವಹಿಸಿದವರು 400 ಜನ. ನಾಲ್ಕು ವಾರ ಕಳೆದ ಮೇಲೆ ಮನಸ್ಸಿನ ಒತ್ತಡದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಅಂದರೆ ನಿರ್ದಿಷ್ಟ ವೇಗಕ್ಕಿಂತ, ಹೊತ್ತಿಗೆ ಸರಿಯಾಗಿ ಕೂತು ಲಯದ ಕಡೆ ಗಮನ ಕೊಡುವುದೇ ಹೆಚ್ಚು ಕೆಲಸ ಮಾಡುತ್ತಿರಬಹುದು. ಆದ್ದರಿಂದ 6 ಆಗದಿದ್ದರೆ 8 ಇರಲಿ. ಅದಕ್ಕಾಗಿ ಪೇಚಾಡಬೇಕಾದ್ದಿಲ್ಲ.

ಹಾಗಾದರೆ ಏನನ್ನು ನಿರೀಕ್ಷಿಸಬಹುದು? ಇಂಟರ್‌ವ್ಯೂಗೆ ಕಾಯುವಾಗ, ಪರೀಕ್ಷಾ ಕೊಠಡಿಯ ಹೊರಗೆ, ಜಗಳ ಮಾಡಿ ಫೋನ್ ಇಟ್ಟ ಮೇಲೆ, ರಾತ್ರಿ ಹಾಸಿಗೆಯಲ್ಲಿ ಐದು ನಿಮಿಷದ ಸೆಷನ್ ಮನಸ್ಸನ್ನು ತುಸು ಸಡಿಲಗೊಳಿಸಬಹುದು. ಪರಿಣಾಮ ಹತ್ತಿಪ್ಪತ್ತು ನಿಮಿಷ ಇದ್ದರೂ ಆ ಹೊತ್ತಿಗೆ ಅದು ಸಾಕು. ವಾರಗಟ್ಟಲೆ ಮಾಡಿದರೆ ಒತ್ತಡದ ಭಾವ ಸ್ವಲ್ಪ ಕಡಿಮೆಯಾಗಬಹುದು. ವಿಶ್ರಾಂತಿಯ ಎದೆಬಡಿತ 80ರಿಂದ 65ಕ್ಕೆ ಬರಲಿ ಎಂಬುದು ಆಸೆಯಾದರೆ ಅದು ನಡಿಗೆ, ಓಟ, ಸೈಕಲ್ಲಿನ ಕೆಲಸ. ಈ ಹೂವಿನಿಂದ ಆಗುವಂಥದ್ದಲ್ಲ. ಬಿಪಿಯ ವಿಷಯದಲ್ಲಿ, ನಿಧಾನ ಉಸಿರಾಟದಿಂದ ಕೆಲವರಲ್ಲಿ ಸ್ವಲ್ಪ ಇಳಿಕೆ ಕಂಡಿದೆ. ಅದು ಮಾತ್ರೆಯ ಜೊತೆಗೆ ಮಾಡುವಂಥದ್ದು, ಮಾತ್ರೆ ಬಿಟ್ಟು ಮಾಡುವಂಥದ್ದಲ್ಲ.

ಯಾರು ಹುಷಾರಾಗಿರಬೇಕು

ಮೆಟೊಪ್ರೊಲೋಲ್, ಅಟೆನೊಲೋಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಮೊದಲೇ ತಗ್ಗಿರುತ್ತದೆ, ಸೆಷನ್ನಿನಲ್ಲಿ ಸಂಖ್ಯೆ ಕದಲದಿದ್ದರೆ ಅದು ಸೋಲಲ್ಲ. ಪೇಸ್‌ಮೇಕರ್ ಇದ್ದವರಿಗೂ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಏಟ್ರಿಯಲ್ ಫಿಬ್ರಿಲೇಷನ್‌ನಂತೆ ಬಡಿತದ ಲಯವೇ ತಪ್ಪಿರುವವರಲ್ಲಿ ಎಚ್‌ಆರ್‌ವಿ ಬಹಳ ಎತ್ತರಕ್ಕೆ ಬರಬಹುದು. ಅದನ್ನು ಒಳ್ಳೆಯ ಆರೋಗ್ಯ ಎಂದು ಓದಿಕೊಂಡರೆ ತಲೆಕೆಳಗಾದ ಲೆಕ್ಕ. ಆಸ್ತಮಾ ಅಥವಾ ಶ್ವಾಸಕೋಶದ ಹಳೆಯ ತೊಂದರೆ ಇದ್ದವರು, ಗರ್ಭಿಣಿಯರು ಉಸಿರು ಹಿಡಿಯುವ ವಿಧಾನಗಳನ್ನು ಬಿಟ್ಟು ತಮಗೆ ಹಿತವೆನಿಸುವ ವೇಗದಲ್ಲಷ್ಟೇ ಮಾಡಲಿ, ಅನುಮಾನವಿದ್ದರೆ ತಮ್ಮ ಡಾಕ್ಟರನ್ನು ಕೇಳಲಿ.

ಇನ್ನು ಕೆಲವರಿಗೆ ಉಸಿರಿನ ಕಡೆ ಗಮನ ಹೋದಷ್ಟೂ ಗಾಬರಿ ಹೆಚ್ಚುತ್ತದೆ, ವಿಶೇಷವಾಗಿ ಪ್ಯಾನಿಕ್ ಅನುಭವಿಸಿದವರಿಗೆ. ಎರಡು ಮೂರು ಸಲ ಹಾಗೇ ಆದರೆ ಈ ದಾರಿ ನಿಮಗಲ್ಲ, ಹತ್ತು ನಿಮಿಷ ನಡೆದು ಬನ್ನಿ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಗಾಡಿ ಓಡಿಸುವಾಗ ವಾಚ್ ‘ಈಗ ಉಸಿರಾಡಿ’ ಎಂದು ಕೈ ತಟ್ಟಿದರೆ ಅದರ ಮಾತು ಕೇಳಬೇಡಿ. ಗಳಿಗೆಗೊಮ್ಮೆ ಬರುವ ಆ ರಿಮೈಂಡರ್‌ಗಳನ್ನು ಸೆಟಿಂಗ್ಸ್‌ನಲ್ಲಿ ಬಂದ್ ಮಾಡಿ, ನಿಮಗೆ ಬಿಡುವಿರುವ ಒಂದು ಹೊತ್ತಿಗೆ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಎದೆಯಲ್ಲಿ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಕೂತಲ್ಲೇ ಏದುಸಿರು ಬಂದರೆ ಸೆಷನ್ ಮಾಡಿ ಬಡಿತ ಇಳಿಯುತ್ತದಾ ನೋಡೋಣ ಎಂದು ಕಾಯಬೇಡಿ. ವಾಚ್ 76 ತೋರಿಸುತ್ತಿದ್ದರೂ ಹೃದಯಾಘಾತ ಆಗುತ್ತಿರಬಹುದು, ಹಸಿರು ದೀಪಕ್ಕೆ ಮುಚ್ಚಿಹೋದ ರಕ್ತನಾಳ ಕಾಣುವುದಿಲ್ಲ. 108ಕ್ಕೆ ಕರೆ ಮಾಡಿ, ಇಲ್ಲವೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಇಸಿಜಿ ಮಾಡುವ ಹತ್ತಿರದ ಆಸ್ಪತ್ರೆಗೆ ನೇರವಾಗಿ ಹೋಗಿ. ಮೈಸೂರಿನವರಿಗೆ ಜಯದೇವ ಆಸ್ಪತ್ರೆ ಊರಲ್ಲೇ ಇದೆ. ಗಾಡಿಯನ್ನು ನೀವೇ ಓಡಿಸಿಕೊಂಡು ಹೋಗಬೇಡಿ.